17 ಅಂಕಿಯ ಸ್ವೀಕೃತಿ ಸಂಖ್ಯೆ, ಕೊನೆಯಲ್ಲಿ ಎರಡು ಸೊನ್ನೆ

ಪ್ರಶ್ನೆ ಕೇಳಿದವರು:
ನಮಸ್ಕಾರ ಸರ್. ನಾಲ್ಕು ತಿಂಗಳ ಹಿಂದೆ, ಮಾರ್ಚ್ 18ರಂದು, ತಂಗಿಯ ಪರವಾಗಿ ಆನ್‌ಲೈನ್‌ನಲ್ಲಿ ಒಂದು ಅರ್ಜಿ ಹಾಕಿದ್ದೆ. ಸ್ವೀಕೃತಿ ಸಂಖ್ಯೆಯನ್ನು ಎಕ್ಸೆಲ್ ಶೀಟ್‌ನಲ್ಲಿ ಹಾಕಿಟ್ಟಿದ್ದೇನೆ, ಪ್ರಿಂಟ್ ಕೂಡ ಇದೆ. ಈಗ ಸ್ಟೇಟಸ್ ನೋಡಲು ಹೋದರೆ ‘ದಾಖಲೆ ಸಿಗಲಿಲ್ಲ’ ಅಂತ ಬರುತ್ತಿದೆ. ಶೀಟ್‌ನಲ್ಲಿ ಇರುವ ಸಂಖ್ಯೆ 40318200451927600. ಪ್ರಿಂಟ್‌ನಲ್ಲಿ ಬಲಗಡೆ ಕತ್ತರಿಸಿ ಹೋಗಿದೆ, 40318200451 ತನಕ ಮಾತ್ರ ಕಾಣುತ್ತದೆ. ಹಣ ಖಾತೆಯಿಂದ ಹೋಗಿದ್ದು ಖಂಡಿತ. ಅರ್ಜಿ ಹೋಗಿಯೇ ಇಲ್ಲವಾ? ಮುಂದೆ ಇವನ್ನೆಲ್ಲ ಹೇಗೆ ಇಟ್ಟುಕೊಳ್ಳಬೇಕು?

ಉತ್ತರ (ಅರ್ಜಿ ಪರಿಶೀಲನೆ ಮತ್ತು ದಾಖಲೆ ವಿಭಾಗದಲ್ಲಿ ಕೆಲಸ):
ಮೊದಲು ಸಮಾಧಾನ ಮಾಡಿಕೊಳ್ಳಿ. ಅರ್ಜಿ ಬಹುಶಃ ಸರಿಯಾಗಿಯೇ ಹೋಗಿದೆ. ತಪ್ಪಿರುವುದು ನಿಮ್ಮ ಹತ್ತಿರ ಇರುವ ಸಂಖ್ಯೆ.

ಆ ಸಂಖ್ಯೆಯನ್ನು ಎಣಿಸಿ ನೋಡಿ. 17 ಅಂಕಿ ಇದೆ, ಕೊನೆಯ ಎರಡು ಸೊನ್ನೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ನೆನಪಿಟ್ಟುಕೊಳ್ಳುತ್ತದೆ. 16ನೆಯ ಅಂಕಿಯಿಂದ ಮುಂದೆ ಏನೇ ಇದ್ದರೂ ಅದನ್ನು ಸೊನ್ನೆ ಮಾಡಿಬಿಡುತ್ತದೆ. ಎಚ್ಚರಿಕೆಯನ್ನೂ ಕೊಡುವುದಿಲ್ಲ. ನಿಮ್ಮ ಸಂಖ್ಯೆಯ ಮೊದಲ 15 ಅಂಕಿ, ಅಂದರೆ 403182004519276, ಸರಿಯಾಗಿರಬೇಕು. ಕೊನೆಯ ಎರಡು ಹೋಗಿವೆ. ಅವು ನಿಜಕ್ಕೂ 00 ಆಗಿರುವ ಸಾಧ್ಯತೆ ನೂರರಲ್ಲಿ ಒಂದು. ‘ದಾಖಲೆ ಸಿಗಲಿಲ್ಲ’ ಅಂತ ಬರುತ್ತಿರುವುದರಿಂದ ಆ ಒಂದೂ ಅಲ್ಲ.

ಅವತ್ತು ಪೇಸ್ಟ್ ಮಾಡಿದ ತಕ್ಷಣ ಆ ಕೋಶದಲ್ಲಿ `4.03182E+16` ಅಂತ ಏನಾದರೂ ಕಂಡಿತ್ತಾ? ಆಮೇಲೆ ಫಾರ್ಮ್ಯಾಟ್ ಬದಲಾಯಿಸಿ ಪೂರ್ತಿ ಅಂಕಿ ಕಾಣುವ ಹಾಗೆ ಮಾಡಿಕೊಂಡಿರಾ?

ಕೇಳಿದವರು:
ಹೌದು ಸರ್! ಅದೇ ತರಹ ಕಂಡಿತ್ತು. `Number` ಅಂತ ಆರಿಸಿ, ಅಂಕಣ ಅಗಲ ಮಾಡಿದ ಮೇಲೆ ಪೂರ್ತಿ ಬಂತು. ಸರಿಹೋಯಿತು ಅಂದುಕೊಂಡೆ.

ಸದಸ್ಯ 1:
ಅಷ್ಟೊಂದು ಯೋಚನೆ ಬೇಡ. ಆ ಕೋಶದ ಫಾರ್ಮ್ಯಾಟ್ ಅನ್ನು `Text` ಮಾಡಿ, ಹಳೆಯ ಅಂಕಿ ವಾಪಸ್ ಬರುತ್ತೆ. ಬರದಿದ್ದರೆ ಕೊನೆಗೆ 01ರಿಂದ 99ರ ತನಕ ಒಂದೊಂದಾಗಿ ಹಾಕಿ ನೋಡಿ. ಒಂದು ಗಂಟೆ ಕೆಲಸ ಅಷ್ಟೇ.

ಉತ್ತರ:
`Text` ಅನ್ನುವುದು ಸರಿಯಾದ ಜಾಗವೇ, ಆದರೆ ಅದನ್ನು ಮೊದಲೇ ಮಾಡಬೇಕಿತ್ತು. ಸಂಖ್ಯೆ ಹಾಕುವುದಕ್ಕೆ ಮುಂಚೆ ಕೋಶವನ್ನು `Text` ಮಾಡಿದ್ದರೆ 17 ಅಂಕಿಯೂ ಹಾಗೇ ಉಳಿಯುತ್ತಿತ್ತು. ಈಗ ಮಾಡಿದರೆ ಸೊನ್ನೆ ಸೇರಿದ ಸಂಖ್ಯೆಯೇ ಉಳಿಯುತ್ತದೆ. ಹೋದ ಅಂಕಿಗಳು ಫೈಲ್‌ನ ಒಳಗೆ ಎಲ್ಲೂ ಇಲ್ಲ, ಆದ್ದರಿಂದ ವಾಪಸ್ ಬರಲು ಏನೂ ಇಲ್ಲ.

ಒಂದೊಂದಾಗಿ ಹಾಕಿ ನೋಡುವುದು ಮಾತ್ರ ದಯವಿಟ್ಟು ಬೇಡ. ಹೆಚ್ಚಿನ ಸೈಟ್‌ಗಳು ಕೆಲವು ತಪ್ಪು ಪ್ರಯತ್ನಗಳ ಮೇಲೆ ಬಾಗಿಲು ಹಾಕುತ್ತವೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಮುಂದೆ ಹಿಂದೆ ಇರುವ ಸಂಖ್ಯೆಗಳು ಬೇರೆಯವರ ಅರ್ಜಿಗಳು. ಅವರ ವಿವರ ನಿಮ್ಮ ತೆರೆಯ ಮೇಲೆ ತೆರೆದುಕೊಳ್ಳಬಾರದು.

ಸದಸ್ಯೆ 2:
ನಾನು ಯಾವಾಗಲೂ ಸ್ಕ್ರೀನ್‌ಶಾಟ್ ತೆಗೆದುಕೊಳ್ಳುತ್ತೇನೆ. ಎಕ್ಸೆಲ್ ಗೊಡವೆಯೇ ಇಲ್ಲ. ಪ್ರಿಂಟ್ ಸರಿಯಾಗಿ ಬರದಿದ್ದರೆ ಪ್ರಿಂಟರ್ ಕಾರ್ಟ್ರಿಜ್ ಬದಲಾಯಿಸಿ ನೋಡಿ.

ಉತ್ತರ:
ಇಲ್ಲಿ ಕಾರ್ಟ್ರಿಜ್ ಸಮಸ್ಯೆ ಅಲ್ಲ ಮೇಡಂ. ಪುಟ ಕಾಗದಕ್ಕಿಂತ ಅಗಲ ಇತ್ತು, ಹಾಗಾಗಿ ಬಲಗಡೆಯ ಭಾಗ ಹೊರಗೆ ಉಳಿಯಿತು. `Ctrl+P` ಒತ್ತಿದ ಮೇಲೆ ಬರುವ ಮುನ್ನೋಟವನ್ನು ಒಂದು ಸಲ ನೋಡಿದರೆ ಗೊತ್ತಾಗುತ್ತದೆ. ಅಡ್ಡ ಹಾಳೆಗೆ ಬದಲಾಯಿಸಬೇಕು, ಅಥವಾ `Scale` ಅನ್ನು 100ರಿಂದ 80ಕ್ಕೋ 70ಕ್ಕೋ ಇಳಿಸಬೇಕು.

ಸ್ಕ್ರೀನ್‌ಶಾಟ್ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅದರಲ್ಲಿ ಕಾಣುವಷ್ಟೇ ಭಾಗ ಬರುತ್ತದೆ. ಸ್ವೀಕೃತಿ ಪುಟದ ಕೆಳಗಡೆ ಇರುವ ‘ಯಾವ ದಿನದೊಳಗೆ ಮೂಲ ದಾಖಲೆ ಕೊಡಬೇಕು’ ಎಂಬ ಸಾಲು ಎಷ್ಟೋ ಜನರ ಸ್ಕ್ರೀನ್‌ಶಾಟ್‌ನಲ್ಲಿ ಇರುವುದೇ ಇಲ್ಲ. ಇನ್ನೊಂದು, ಚಿತ್ರದಿಂದ ಸಂಖ್ಯೆಯನ್ನು ಕಣ್ಣಲ್ಲಿ ನೋಡಿ ಟೈಪ್ ಮಾಡಬೇಕಾಗುತ್ತದೆ. ಇಂಗ್ಲಿಷ್‌ನ `O` ಅಕ್ಷರ ಮತ್ತು `0` ಸೊನ್ನೆ, `I` ಮತ್ತು `1`, ಇವು ಅಲ್ಲಿ ಬೆರೆತುಹೋಗುತ್ತವೆ.

ಕೇಳಿದವರಿಗೆ: ಈಗ ಕಳೆದ ಎರಡು ಅಂಕಿಯನ್ನು ಹುಡುಕೋಣ. ಅರ್ಜಿಯಲ್ಲಿ ಯಾವ ಇಮೇಲ್ ಕೊಟ್ಟಿದ್ದಿರಿ?

ಕೇಳಿದವರು:
ತಂಗಿಯದೇ ಇರಬೇಕು. ನನ್ನ ಮೇಲ್‌ನಲ್ಲಿ 40318200451927 ಅಂತ ಹುಡುಕಿದೆ, ಏನೂ ಸಿಗಲಿಲ್ಲ. ತಂಗಿಯೂ ಅದೇ ಹುಡುಕಿದಳು, ಅವಳಿಗೂ ಸಿಗಲಿಲ್ಲ.

ಉತ್ತರ:
ಹಾಗೆ ಹುಡುಕಿದರೆ ಸಿಗುವುದಿಲ್ಲ. ಜಿಮೇಲ್ ಪೂರ್ತಿ ಪದವನ್ನು ಹುಡುಕುತ್ತದೆ, ಪದದ ತುಂಡನ್ನಲ್ಲ. ಅದಕ್ಕೆ 17 ಅಂಕಿಯೂ ಒಂದೇ ಪದ. ನೀವು 14 ಅಂಕಿ ಕೊಟ್ಟರೆ ‘ಅಂಥದ್ದು ಇಲ್ಲ’ ಅನ್ನುತ್ತದೆ. ಸಂಖ್ಯೆ ಬಿಟ್ಟು ದಿನಾಂಕದಿಂದ ಹುಡುಕಿ. ತಂಗಿಯ ಮೇಲ್‌ನಲ್ಲಿ ಇದನ್ನು ಹಾಗೇ ಹಾಕಿ:

```
in:anywhere after:2025/03/17 before:2025/03/20
```

`in:anywhere` ಹಾಕಿದರೆ ಸ್ಪ್ಯಾಮ್ ಮತ್ತು ಕಸದ ಬುಟ್ಟಿಯನ್ನೂ ಹುಡುಕುತ್ತದೆ. ಸಾಮಾನ್ಯ ಹುಡುಕಾಟ ಅಲ್ಲಿಗೆ ಹೋಗುವುದಿಲ್ಲ. ಆದರೆ ಆ ಎರಡು ಜಾಗದಲ್ಲಿ ಮೇಲ್ 30 ದಿನ ಮಾತ್ರ ಇರುತ್ತದೆ, ನಿಮಗೆ ನಾಲ್ಕು ತಿಂಗಳಾಗಿದೆ. ಆದ್ದರಿಂದ ಇನ್‌ಬಾಕ್ಸ್‌ನಲ್ಲಿ ಇದ್ದರೆ ಅದೃಷ್ಟ. ಜೊತೆಗೆ ಆ ದಿನದ ಎಸ್ಎಂಎಸ್ ನೋಡಿ. ಅರ್ಜಿ ಹಾಕಿದ ಕಂಪ್ಯೂಟರ್‌ನ ಡೌನ್‌ಲೋಡ್ ಫೋಲ್ಡರ್ ಅನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ನೋಡಿ. ಬ್ರೌಸರ್ ಇತಿಹಾಸದ ಆಸೆ ಬೇಡ, ಕ್ರೋಮ್ 90 ದಿನದ ಮೇಲೆ ಅದನ್ನು ಅಳಿಸುತ್ತದೆ.

ಇದ್ಯಾವುದೂ ಸಿಗದಿದ್ದರೆ ಹಣ ಕಟ್ಟಿದ ವಹಿವಾಟು ಸಂಖ್ಯೆ ಹಿಡಿದು ಕಚೇರಿಗೆ ಬರೆಯಿರಿ. ಸ್ವೀಕೃತಿ ಸಂಖ್ಯೆಯ ಜಾಗದಲ್ಲಿ ಅದನ್ನು ಹಾಕಿದರೆ ಸ್ಟೇಟಸ್ ಪುಟ ಒಪ್ಪುವುದಿಲ್ಲ. ಆದರೆ ವಹಿವಾಟು ಸಂಖ್ಯೆ, ಕಟ್ಟಿದ ದಿನ, ಮೊತ್ತ, ಅರ್ಜಿದಾರರ ಹೆಸರು ಈ ನಾಲ್ಕೂ ಇದ್ದರೆ ಒಳಗಿನವರು ಅರ್ಜಿಯನ್ನು ಹುಡುಕಿ ತೆಗೆಯಬಹುದು. ನಾವು ದಿನಾ ಮಾಡುವ ಕೆಲಸವೇ ಅದು.

ಸದಸ್ಯ 3:
ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದೂ ಇಂಥದ್ದೇ ಕಥೆ. ಒಂದು ಕಚೇರಿಯ ಕೌಂಟರ್‌ನಲ್ಲಿ ಅರ್ಜಿ ಕೊಟ್ಟಾಗ ಸಣ್ಣ ಮೆಷಿನ್‌ನಿಂದ ನುಣುಪಾದ ಚೀಟಿ ಕೊಟ್ಟಿದ್ದರು. ಸ್ವೀಕೃತಿ ಸಂಖ್ಯೆ ಅದರಲ್ಲೇ ಇತ್ತು. ಜೋಪಾನವಾಗಿರಲಿ ಅಂತ ಲ್ಯಾಮಿನೇಟ್ ಮಾಡಿಸಿದೆ. ಮೆಷಿನ್‌ನಿಂದ ಹೊರಗೆ ಬಂದಾಗ ಪೂರ್ತಿ ಕಪ್ಪು! ಒಂದು ಅಕ್ಷರವೂ ಕಾಣಲಿಲ್ಲ. ಅದನ್ನು ವಾಪಸ್ ಓದುವ ದಾರಿ ಏನಾದರೂ ಇದೆಯಾ ಸರ್?

ಉತ್ತರ:
ಅಯ್ಯೋ, ಎಷ್ಟು ಬೇಜಾರಾಗಿರಬೇಕು. ಅದು ಥರ್ಮಲ್ ಕಾಗದ. ಅದರಲ್ಲಿ ಇಂಕ್ ಇರುವುದಿಲ್ಲ. ಕಾಗದದ ಮೇಲೆ ಸವರಿರುವ ಲೇಪನ ಬಿಸಿ ತಗುಲಿದ ಕಡೆ ಕಪ್ಪಾಗುತ್ತದೆ, ಹಾಗೆಯೇ ಅಕ್ಷರ ಮೂಡುತ್ತದೆ. ಲ್ಯಾಮಿನೇಟ್ ಮಾಡುವ ಮೆಷಿನ್ ಪೂರ್ತಿ ಚೀಟಿಗೆ ಬಿಸಿ ಕೊಟ್ಟಿತು, ಪೂರ್ತಿ ಚೀಟಿಯೂ ಅಕ್ಷರವಾಯಿತು. ಪೂರ್ತಿ ಕಪ್ಪಾದ ಚೀಟಿಯನ್ನು ಓದಿದ್ದನ್ನು ನಾನು ಈವರೆಗೆ ಕಂಡಿಲ್ಲ. ಬೇರೆ ಯಾರಾದರೂ ಕಂಡಿದ್ದರೆ ಹೇಳಲಿ.

ಬಿಸಿಲಿನಲ್ಲಿ ಇಟ್ಟರೆ ಇದರ ಉಲ್ಟಾ ಆಗುತ್ತದೆ, ಅಕ್ಷರ ಮಾಸಿ ಬಿಳಿಯಾಗುತ್ತದೆ. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟರೂ ಹಾಗೇ. ಆ ಪ್ಲಾಸ್ಟಿಕ್ ಅನ್ನು ಮೆತ್ತಗಿಡಲು ಹಾಕುವ ಎಣ್ಣೆಯಂಥ ವಸ್ತು ನಿಧಾನವಾಗಿ ಚೀಟಿಯ ಲೇಪನವನ್ನು ಕೆಡಿಸುತ್ತದೆ. ಚೀಟಿ ಕೈಗೆ ಬಂದ ದಿನವೇ ಒಂದು ಫೋಟೋ, ಒಂದು ಜೆರಾಕ್ಸ್. ಜೆರಾಕ್ಸ್ ಪ್ರತಿಯನ್ನು ಫೈಲ್‌ಗೆ ಹಾಕಿ, ಮೂಲ ಚೀಟಿಯನ್ನು ಸಾದಾ ಕಾಗದದ ಲಕೋಟೆಯಲ್ಲಿ ಇಡಿ. ಲೇಸರ್ ಪ್ರಿಂಟ್ ಮತ್ತು ಜೆರಾಕ್ಸ್ ಹಾಳೆಗಳನ್ನೂ ಪಿವಿಸಿ ಕವರ್‌ನಲ್ಲಿ ಬಹಳ ದಿನ ಒತ್ತಿಡಬಾರದು. ಟೋನರ್ ಕಿತ್ತು ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ. ಕೊಳ್ಳುವಾಗ ಪಾಲಿಪ್ರೊಪಿಲೀನ್ ಕವರ್ ಅಂತ ಕೇಳಿ.

ಕೇಳಿದವರು:
ಸರ್, ಸಿಕ್ಕಿತು!! ತಂಗಿಯ ಇನ್‌ಬಾಕ್ಸ್‌ನಲ್ಲೇ ಇತ್ತು. ಕೊನೆಯ ಎರಡು ಅಂಕಿ 38. ಶೀಟ್‌ನಲ್ಲಿ ಇದ್ದದ್ದು 40318200451927600, ನಿಜವಾದದ್ದು ಕೊನೆಯಲ್ಲಿ 638. ಸ್ಟೇಟಸ್ ಕೂಡ ತೆರೆಯಿತು. ಆದರೆ ‘ಹೆಚ್ಚುವರಿ ದಾಖಲೆ ಬೇಕು, 30 ದಿನದೊಳಗೆ ಸಲ್ಲಿಸಿ’ ಅಂತ ಮೇ 6ರಂದು ಹಾಕಿದ್ದಾರೆ. ಆ ದಿನ ದಾಟಿಹೋಗಿದೆ. ಈಗ ಏನು ಮಾಡಲಿ?

ಉತ್ತರ:
ಸಂಖ್ಯೆ ಸಿಕ್ಕಿದ್ದು ತುಂಬ ಸಂತೋಷ. ಇನ್ನೊಂದು ಸಲ ಪೂರ್ತಿ ಸಂಖ್ಯೆಯನ್ನು ಗುಂಪಿನಲ್ಲಿ ಮಾತ್ರ ಹಾಕಬೇಡಿ. ಹೆಸರು, ಜನ್ಮದಿನ ಗೊತ್ತಿರುವವರು ಯಾರು ಬೇಕಾದರೂ ಅದನ್ನು ತೆರೆಯಬಹುದು. ಮೇಲಿನ ಸಂದೇಶವನ್ನು ಈಗಲೇ ತೆಗೆಯಿರಿ.

ದಿನ ದಾಟಿದ ಅರ್ಜಿಯನ್ನು ಕೆಲವು ಕಡೆ ತಿರಸ್ಕರಿಸುತ್ತಾರೆ, ಕೆಲವು ಕಡೆ ತಡವಾದ ಕಾರಣ ಬರೆದುಕೊಟ್ಟರೆ ಮತ್ತೆ ತೆಗೆದುಕೊಳ್ಳುತ್ತಾರೆ. ಅದು ಆ ಕಚೇರಿಯ ನಿಯಮ, ಇಲ್ಲಿಂದ ನಾನು ಹೇಳಲಾಗದು. ಸ್ಟೇಟಸ್ ಇನ್ನೂ ‘ತಿರಸ್ಕೃತ’ ಅಂತ ಬದಲಾಗಿಲ್ಲ ಅಲ್ವಾ? ಹಾಗಿದ್ದರೆ ಇವತ್ತೇ ಕೇಳಿದ ದಾಖಲೆಯ ಜೊತೆ ಒಂದು ಪತ್ರ ಬರೆಯಿರಿ. ಪತ್ರದಲ್ಲಿ ಸ್ವೀಕೃತಿ ಸಂಖ್ಯೆ, ಅರ್ಜಿ ಹಾಕಿದ ದಿನ, ಸಂಖ್ಯೆ ತಪ್ಪಾಗಿ ದಾಖಲಾಗಿದ್ದರಿಂದ ಸೂಚನೆ ನೋಡಲಾಗಲಿಲ್ಲ ಎಂಬುದು, ಇಷ್ಟೇ ಸಾಕು. ಆ ಪತ್ರಕ್ಕೂ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.

ಈಗ ನಿಮ್ಮ ಎರಡನೆಯ ಪ್ರಶ್ನೆ. ನಾನು ಮಾಡುವ ರೀತಿಯನ್ನೇ, ನಿಮ್ಮ ಅರ್ಜಿಯನ್ನು ಇಟ್ಟುಕೊಂಡು ಹೇಳುತ್ತೇನೆ.

‘ಸಲ್ಲಿಸಿ’ ಒತ್ತಿದ ಮೇಲೆ ಬರುವ ಪುಟದಲ್ಲಿ ಆತುರ ಬೇಡ. ಹಿಂದೆ ಹೋಗಬೇಡಿ, ರಿಫ್ರೆಶ್ ಮಾಡಬೇಡಿ. ಬ್ರೌಸರ್ ‘ಫಾರ್ಮ್ ಮತ್ತೆ ಕಳಿಸಲಾ’ ಅಂತ ಕೇಳಿದಾಗ ಹೌದು ಅಂದರೆ ಎರಡನೆಯ ಅರ್ಜಿ ಹೋಗಬಹುದು. ಪುಟದಲ್ಲಿ ಸ್ವೀಕೃತಿಯನ್ನು ಡೌನ್‌ಲೋಡ್ ಮಾಡುವ ಬಟನ್ ಇದ್ದರೆ ಮೊದಲು ಅದು. ಆಮೇಲೆ `Ctrl+P` ಒತ್ತಿ, `Save as PDF` ಆರಿಸಿ, ಆ ಪುಟವನ್ನೂ ಉಳಿಸಿ. ಅಲ್ಲಿ `Headers and footers` ಗುರುತು ಹಾಕಿದರೆ ಸೈಟ್‌ನ ವಿಳಾಸ ಮತ್ತು ಆ ದಿನದ ದಿನಾಂಕ ಹಾಳೆಯ ಅಂಚಿನಲ್ಲಿ ಮೂಡುತ್ತದೆ. ಮುಂದೆ ಯಾರಾದರೂ ‘ಇದು ಎಲ್ಲಿಯದು, ಯಾವಾಗಿನದು’ ಅಂದರೆ ಉತ್ತರ ಅಲ್ಲೇ ಇರುತ್ತದೆ.

ಎರಡೂ ಯಾಕೆ ಅಂದರೆ, ಡೌನ್‌ಲೋಡ್ ಆಗಿ ಬಂದ ಪಿಡಿಎಫ್‌ನಲ್ಲಿ ಕೆಲವು ಸಲ ಡಿಜಿಟಲ್ ಸಹಿ ಇರುತ್ತದೆ. ಆ ಫೈಲ್ ಅನ್ನು ತೆರೆದು ಮತ್ತೆ `Save as PDF` ಎಂದು ಪ್ರಿಂಟ್ ಮಾಡಿದರೆ ಸಹಿಯ ಚಿತ್ರ ಉಳಿಯುತ್ತದೆ, ಸಹಿ ಉಳಿಯುವುದಿಲ್ಲ. ಪರಿಶೀಲಿಸುವವರ ಕಂಪ್ಯೂಟರ್‌ನಲ್ಲಿ ಅದು ಸಾದಾ ಕಾಗದವಾಗಿ ಕಾಣುತ್ತದೆ. ಹಾಗಾಗಿ ಬಂದ ಫೈಲ್ ಅನ್ನು ಬಂದ ಹಾಗೇ ಇಡಿ. ಹೆಸರು ಬದಲಾಯಿಸಿದರೆ ಏನೂ ಆಗುವುದಿಲ್ಲ, ಒಳಗೆ ಕೈ ಹಾಕಬಾರದು.

ಹೆಸರು ಬದಲಾಯಿಸಲೇಬೇಕು. ಇಲ್ಲದಿದ್ದರೆ `acknowledgement(3).pdf` ಅಂತ ಇರುತ್ತದೆ, ಆರು ತಿಂಗಳ ಮೇಲೆ ಅದು ಯಾರದು ಅಂತ ನಿಮಗೇ ತಿಳಿಯುವುದಿಲ್ಲ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಶುರು ಮಾಡಿ, `2025-03-18` ಅಂತ. ಆಗ ಫೋಲ್ಡರ್‌ನಲ್ಲಿ ತಾನಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ದಿನ ಮೊದಲು ಬರೆದರೆ ಎಲ್ಲ ತಿಂಗಳಿನ 18ನೇ ತಾರೀಖುಗಳು ಒಟ್ಟಿಗೆ ಗುಂಪಾಗುತ್ತವೆ. ದಿನಾಂಕದ ಮುಂದೆ ಯಾರ ಅರ್ಜಿ, ಯಾವುದಕ್ಕೆ, ಕೊನೆಗೆ ಸ್ವೀಕೃತಿಯೋ ಹಣದ ರಸೀದಿಯೋ ಅನ್ನುವುದು. ಸಂಖ್ಯೆಯಲ್ಲಿ `/` ಗೆರೆ ಇದ್ದರೆ ಫೈಲ್ ಹೆಸರಿನಲ್ಲಿ ಅದು ಹಾಕಲು ಬರುವುದಿಲ್ಲ. ಜನ ಅಲ್ಲಿ `-` ಹಾಕಿ, ಮುಂದೆ ಅದನ್ನೇ ನಿಜವಾದ ಸಂಖ್ಯೆ ಅಂದುಕೊಂಡು ಸ್ಟೇಟಸ್ ಪುಟದಲ್ಲಿ ಹಾಕುತ್ತಾರೆ. ಆದ್ದರಿಂದ ಫೈಲ್ ಹೆಸರಿನಲ್ಲಿ ಸಂಖ್ಯೆಯೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಸಂಖ್ಯೆಗೆ ಒಂದೇ ಮನೆ ಇರಲಿ, ಅದು ನಿಮ್ಮ ಶೀಟ್.

ಸದಸ್ಯ 1:
ಹಾಗಾದರೆ ಶೀಟ್‌ನಲ್ಲಿ ಮತ್ತೆ ಸೊನ್ನೆ ಆಗುವುದಿಲ್ಲವಾ? ನಾನು ಸಂಖ್ಯೆ ಶುರುವಾಗುವ ಮೊದಲು ಒಂದು `'` ಹಾಕುತ್ತೇನೆ, ಅದು ಸಾಕಾ?

ಉತ್ತರ:
ಅದು ಸಾಕು, ಒಳ್ಳೆಯ ಅಭ್ಯಾಸ. ಪೂರ್ತಿ ಅಂಕಣವನ್ನೇ ಮೊದಲು `Text` ಮಾಡಿಟ್ಟರೆ ದಿನಾ ಅದನ್ನು ನೆನಪಿಡಬೇಕಾಗಿಲ್ಲ. ಸೈಟ್‌ನಿಂದ ಪೇಸ್ಟ್ ಮಾಡುವಾಗ `Match Destination Formatting` ಆರಿಸಿ. ಇಲ್ಲದಿದ್ದರೆ ಪುಟದ ಫಾರ್ಮ್ಯಾಟ್ ಜೊತೆಗೇ ಬಂದು ನಿಮ್ಮ `Text` ಹಾರಿಹೋಗಬಹುದು. ಸರಿಯಾಗಿದೆಯಾ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಅಕ್ಷರವಾಗಿ ಉಳಿದ ಸಂಖ್ಯೆ ಕೋಶದ ಎಡಗಡೆಗೆ ಅಂಟಿಕೊಂಡಿರುತ್ತದೆ, ಸಂಖ್ಯೆಯಾಗಿ ಹೋದದ್ದು ಬಲಗಡೆಗೆ.

ಒಂದು ಬಲೆ ಇದೆ. ಅಕ್ಷರವಾಗಿ ಇಟ್ಟ ಸಂಖ್ಯೆಯ ಮೂಲೆಯಲ್ಲಿ ಎಕ್ಸೆಲ್ ಸಣ್ಣ ಹಸಿರು ತ್ರಿಕೋನ ತೋರಿಸುತ್ತದೆ. ಅದನ್ನು ಒತ್ತಿದರೆ `Convert to Number` ಅಂತ ಬರುತ್ತದೆ. ತಪ್ಪು ತಿದ್ದುತ್ತಿದ್ದೇವೆ ಅಂದುಕೊಂಡು ಎಷ್ಟೋ ಜನ ಅದನ್ನು ಒತ್ತುತ್ತಾರೆ. ಒತ್ತಿ, ಫೈಲ್ ಉಳಿಸಿ ಮುಚ್ಚಿದರೆ ಮುಗಿಯಿತು, ಮತ್ತೆ 15 ಅಂಕಿ. ಆ ತ್ರಿಕೋನವನ್ನು ಅದರ ಪಾಡಿಗೆ ಬಿಡಿ. ಸೊನ್ನೆಯಿಂದ ಶುರುವಾಗುವ ಸಂಖ್ಯೆಗೂ ಇದೇ ಮಾತು. `00731` ಅನ್ನುವುದು ಸಂಖ್ಯೆಯಾದರೆ 731 ಆಗುತ್ತದೆ.

ಶೀಟ್‌ನಲ್ಲಿ ಯಾವ ಅಂಕಣ ಬೇಕು ಅಂತ ಕೇಳುವ ಮೊದಲೇ ಹೇಳುತ್ತೇನೆ, ಕಡಿಮೆ ಇರಲಿ. ದಿನಾಂಕ, ಯಾರ ಹೆಸರಲ್ಲಿ, ಯಾವುದಕ್ಕೆ, ಸ್ವೀಕೃತಿ ಸಂಖ್ಯೆ, ಹಣದ ವಹಿವಾಟು ಸಂಖ್ಯೆ, ಯಾವ ಮೊಬೈಲ್ ಮತ್ತು ಇಮೇಲ್ ಕೊಟ್ಟಿದ್ದೆವು, ಮುಂದೆ ಯಾವ ದಿನ ನೋಡಬೇಕು. ಸ್ವೀಕೃತಿ ಸಂಖ್ಯೆ ಮತ್ತು ವಹಿವಾಟು ಸಂಖ್ಯೆ ಬೇರೆ ಬೇರೆ ಅಂಕಣದಲ್ಲೇ ಇರಬೇಕು. ನನ್ನ ಮೇಜಿಗೆ ಬರುವ ‘ಸಿಗುತ್ತಿಲ್ಲ’ ದೂರುಗಳಲ್ಲಿ ಜಾಸ್ತಿ ಜನ ಇವೆರಡನ್ನು ಅದಲುಬದಲು ಮಾಡಿಕೊಂಡವರು. ಮೊಬೈಲ್ ಮತ್ತು ಇಮೇಲ್ ಅಂಕಣ ಜನ ಬಿಟ್ಟುಬಿಡುತ್ತಾರೆ. ನಿಮ್ಮ ವಿಷಯದಲ್ಲೇ ನೋಡಿ, ನೀವು ನಿಮ್ಮ ಮೇಲ್ ಹುಡುಕುತ್ತಿದ್ದಿರಿ, ಪತ್ರ ತಂಗಿಗೆ ಹೋಗಿತ್ತು.

ಕೊನೆಗೆ ಒಂದು ಕೆಲಸ, ಎರಡು ನಿಮಿಷದ್ದು. ಶೀಟ್‌ಗೆ ಹಾಕಿ, ಉಳಿಸಿ, ಮುಚ್ಚಿ. ಮತ್ತೆ ತೆರೆದು, ಶೀಟ್‌ನಲ್ಲಿರುವ ಸಂಖ್ಯೆಯನ್ನೇ ನಕಲು ಮಾಡಿ ಸ್ಟೇಟಸ್ ಪುಟದಲ್ಲಿ ಹಾಕಿ ನೋಡಿ. ಸ್ವೀಕೃತಿ ಪುಟ ಇನ್ನೂ ತೆರೆದಿರುವಾಗಲೇ ಇದನ್ನು ಮಾಡಬೇಕು. ತೆರೆದರೆ ನಿಮ್ಮ ದಾಖಲೆ ಸರಿ. ತೆರೆಯದಿದ್ದರೆ ಸರಿಯಾದ ಸಂಖ್ಯೆ ಕಣ್ಣೆದುರೇ ಇದೆ, ತಿದ್ದಬಹುದು. ಕೆಲವು ಸೈಟ್‌ಗಳಲ್ಲಿ ಅರ್ಜಿ ಕಾಣಿಸಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಹಾಗಿದ್ದರೆ ಎರಡೂ ಸಂಖ್ಯೆಯನ್ನು ಕೊನೆಯ ನಾಲ್ಕು ಅಂಕಿಯಿಂದ ಹಿಂದಕ್ಕೆ ಓದಿ ಹೋಲಿಸಿ, ಮಾರನೇ ದಿನ ಸ್ಟೇಟಸ್ ನೋಡಿ.

ಸದಸ್ಯೆ 2:
ನನ್ನ ಹತ್ತಿರ ಸ್ಕ್ರೀನ್‌ಶಾಟ್ ಬಿಟ್ಟರೆ ಬೇರೇನೂ ಇಲ್ಲ ಸರ್. ಎಲ್ಲವನ್ನೂ ಮನೆಯವರ ಗುಂಪಿಗೆ ಕಳಿಸಿ, ಫೋನ್‌ನಿಂದ ಅಳಿಸಿಬಿಡುತ್ತೇನೆ. ಅಲ್ಲಿ ಇರುತ್ತೆ ಅಲ್ವಾ?

ಉತ್ತರ:
ಮೆಸೇಜಿನಲ್ಲಿ ಫೋಟೋ ಆಗಿ ಕಳಿಸಿದರೆ ಅದನ್ನು ಕುಗ್ಗಿಸಿ ಕಳಿಸುತ್ತದೆ, ಸಣ್ಣ ಅಕ್ಷರ ಮಬ್ಬಾಗಬಹುದು. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗಾಗುವುದಿಲ್ಲ. ಆದರೂ ಗುಂಪು ಒಂದು ದಾರಿ ಮಾತ್ರ, ಇಡುವ ಜಾಗ ಅಲ್ಲ. ಫೋನ್ ಬದಲಾಯಿಸಿದಾಗ ಹಳೆಯ ಚಿತ್ರ ತೆರೆಯದೇ ಇರುವುದು ನೀವೂ ನೋಡಿರಬಹುದು. ಈಗ ಇರುವ ಸ್ಕ್ರೀನ್‌ಶಾಟ್‌ಗಳನ್ನು ತೆರೆದು, ಅದರಲ್ಲಿ ಇನ್ನೂ ನಡೆಯುತ್ತಿರುವ ಅರ್ಜಿಗಳ ಸಂಖ್ಯೆಯನ್ನಷ್ಟೇ ಮೊದಲು ಶೀಟ್‌ಗೆ ತನ್ನಿ. ಮುಗಿದುಹೋದವು ನಿಧಾನಕ್ಕೆ ಆಗಲಿ.

ಸದಸ್ಯ 3:
ಕಾಗದದ ಪ್ರತಿ ಇಟ್ಟುಕೊಳ್ಳುವುದೇ ಬೇಡವಾ ಹಾಗಾದರೆ? ನಮ್ಮ ಅಣ್ಣ ಎಲ್ಲದರ ಮೂರು ಪ್ರಿಂಟ್ ತೆಗೆಯುತ್ತಾನೆ.

ಉತ್ತರ:
ಒಂದು ಬೇಕು. ಕೌಂಟರ್‌ಗೆ ಹೋದಾಗ ಫೋನ್ ಚಾರ್ಜ್ ಇಲ್ಲದಿದ್ದರೂ ಕಾಗದ ಇರುತ್ತದೆ. ಕಚೇರಿಯವರು ಮೊಹರು ಹಾಕಿ ಕೊಟ್ಟ ಪ್ರತಿ ಇದ್ದರೆ ಅದಂತೂ ಬೇಕೇ ಬೇಕು, ಅದರ ಮೊಹರು ಯಾವ ಪಿಡಿಎಫ್‌ನಲ್ಲೂ ಇಲ್ಲ. ಮೂರು ಪ್ರಿಂಟ್ ಬೇಕಾ ಅನ್ನುವುದರಲ್ಲಿ ನಾನು ನಿಮ್ಮ ಅಣ್ಣನ ಜೊತೆ ವಾದಕ್ಕೆ ಇಳಿಯುವುದಿಲ್ಲ. ಆದರೆ ಪ್ರಿಂಟ್ ತೆಗೆದ ತಕ್ಷಣ ಹಾಳೆಯ ನಾಲ್ಕು ಅಂಚನ್ನೂ ನೋಡಬೇಕು, ಸಂಖ್ಯೆ ಪೂರ್ತಿ ಇದೆಯಾ ಅಂತ. ಮೇಲಿನ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಶೀಟ್‌ನ ಸಾಲಿನ ಕ್ರಮಾಂಕ ಬರೆದರೆ, ಕಾಗದದಿಂದ ಶೀಟ್‌ಗೆ, ಶೀಟ್‌ನಿಂದ ಕಾಗದಕ್ಕೆ ಹೋಗಲು ಹುಡುಕಾಟ ಇರುವುದಿಲ್ಲ. ಆ ಕ್ರಮಾಂಕವನ್ನು ಶೀಟ್‌ನಲ್ಲೂ ನೀವೇ ಒಂದು ಅಂಕಣದಲ್ಲಿ ಬರೆಯಿರಿ. ಎಕ್ಸೆಲ್ ಪಕ್ಕದಲ್ಲಿ ತೋರಿಸುವ ಸಾಲಿನ ಸಂಖ್ಯೆ ಬೇಡ, ಒಂದು ಸಲ ಜೋಡಣೆ ಬದಲಾಯಿಸಿದರೆ ಅದು ಬೇರೆ ಅರ್ಜಿಗೆ ಹೋಗುತ್ತದೆ.

ಕೇಳಿದವರು:
ಸಂದೇಶ ತೆಗೆದೆ ಸರ್. ಅಂಕಣವನ್ನು `Text` ಮಾಡಿ ಹಳೆಯವನ್ನೆಲ್ಲ ಮತ್ತೆ ನೋಡಿದೆ. ಇನ್ನೂ ಎರಡು ಸಂಖ್ಯೆ ಕೊನೆಯಲ್ಲಿ ಸೊನ್ನೆ ಆಗಿವೆ! ಒಂದರ ಮೇಲ್ ಇದೆ, ಇನ್ನೊಂದರದ್ದು ಸಿಗುತ್ತಿಲ್ಲ. ತಂಗಿಯ ದಾಖಲೆಯನ್ನು ಪತ್ರದ ಜೊತೆ ಮಧ್ಯಾಹ್ನ ಕಳಿಸಿದೆ. ಹೊಸ ಸ್ವೀಕೃತಿ ಬಂತು, ಶೀಟ್‌ಗೆ ಹಾಕಿ, ಮುಚ್ಚಿ, ತೆರೆದು, ಅದರಿಂದಲೇ ಸ್ಟೇಟಸ್ ನೋಡಿದೆ. ತೆರೆಯಿತು. ‘ಪರಿಶೀಲನೆಯಲ್ಲಿದೆ’ ಅಂತ ಇದೆ.

ಉತ್ತರ:
ಒಳ್ಳೆಯದಾಯಿತು. ಸಿಗದ ಆ ಒಂದಕ್ಕೆ ಹಣದ ರಸೀದಿ ಹುಡುಕಿ. ಅದರಲ್ಲಿ ದಿನ ಸಿಕ್ಕರೆ ಕಚೇರಿಗೆ ಹೇಗೆ ಬರೆಯುವುದು ಅಂತ ನೋಡೋಣ.